f ಗ್ರಾಫ್ ಕೊಟ್ಟು g ಬಗ್ಗೆ ಕೇಳಿದರೆ ಏನು ಮಾಡಬೇಕು?

ಮುಂಬಯಿಯಲ್ಲಿ ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ಡೊಂಬಿವಲಿಯಿಂದ, ವಾಶಿಯಿಂದ, ಕೆಲವೊಮ್ಮೆ ಪುಣೆಯಿಂದಲೂ ಯಾರೋ ಒಂದು ಫೋಟೋ ಕಳಿಸುತ್ತಾರೆ. ಅದರಲ್ಲಿ f ಎಂಬ ಫಂಕ್ಷನ್‌ನ ಗ್ರಾಫ್ ಇರುತ್ತದೆ. ಕೆಳಗೆ `g(x) = ∫₀ˣ f(t) dt` ಎಂದು ಬರೆದಿರುತ್ತದೆ. ಪ್ರಶ್ನೆ ಮಾತ್ರ g ಬಗ್ಗೆ: g ಎಲ್ಲಿ ಗರಿಷ್ಠ, ಎಲ್ಲಿ ಕನಿಷ್ಠ, ಎಲ್ಲಿ ಕಾನ್ಕೇವ್ ಅಪ್? "ಸರ್, f ಗೆ ಸೂತ್ರವನ್ನೇ ಕೊಟ್ಟಿಲ್ಲ, ಇಂಟಿಗ್ರೇಟ್ ಮಾಡೋದು ಹೇಗೆ?" ಎಂದು ಕೇಳುತ್ತಾರೆ.

ಇಂಟಿಗ್ರೇಟ್ ಮಾಡಬೇಕಾಗಿಯೇ ಇಲ್ಲ. ಗ್ರಾಫ್ ಓದಲು ಬಂದರೆ ಸಾಕು. ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಪಕ್ಕದಲ್ಲಿ ಚೌಕದ ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಸುಮ್ನೆ ಓದಿಕೊಂಡು ಹೋದರೆ ಇದು ತಲೆಗೆ ಹತ್ತುವುದಿಲ್ಲ.

ಮೊದಲು ಗ್ರಾಫ್ ಬಿಡಿಸಿ

ಅಡ್ಡ ಅಕ್ಷದಲ್ಲಿ t, 0 ಯಿಂದ 14 ರವರೆಗೆ. ಉದ್ದ ಅಕ್ಷದಲ್ಲಿ f, −5 ರಿಂದ 5 ರವರೆಗೆ. ಈ ಬಿಂದುಗಳನ್ನು ಗುರುತಿಸಿ, ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯಿರಿ:

```
(0, -2)  (3, 4)  (5, 0)  (7, 4)  (9, -4)  (12, -4)  (14, -2)
```

ಅಕ್ಷದ ಕೆಳಗಿಂದ ಹೊರಟ ಗೆರೆ ಮೇಲೇರಿ 3 ರಲ್ಲಿ ಒಂದು ಶಿಖರ ಮಾಡುತ್ತದೆ. ಇಳಿದು 5 ರಲ್ಲಿ ಅಕ್ಷವನ್ನು ಮುಟ್ಟುತ್ತದೆ. ಮತ್ತೆ ಏರಿ 7 ರಲ್ಲಿ ಇನ್ನೊಂದು ಶಿಖರ. ಅಲ್ಲಿಂದ ಕಡಿದಾಗಿ ಇಳಿದು 9 ರಲ್ಲಿ −4 ಕ್ಕೆ ಬರುತ್ತದೆ, 12 ರವರೆಗೆ ಅಲ್ಲೇ ಮಲಗುತ್ತದೆ, ಕೊನೆಗೆ ಸ್ವಲ್ಪ ಏರುತ್ತದೆ.

ಇದಕ್ಕೊಂದು ಅರ್ಥ ಕೊಡೋಣ. ನಿಮ್ಮ ಸೊಸೈಟಿಯ ಟೆರೇಸ್ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ಕೆಳಗಿನ ಸಂಪಿನಿಂದ ಪಂಪ್ ನೀರು ಏರಿಸುತ್ತದೆ, ಮನೆಗಳವರು ಖರ್ಚು ಮಾಡುತ್ತಾರೆ. ಒಳಗೆ ಬರುವ ವೇಗದಿಂದ ಹೊರಗೆ ಹೋಗುವ ವೇಗ ಕಳೆದರೆ f. ಅಳತೆ ಗಂಟೆಗೆ ಎಷ್ಟು ಸಾವಿರ ಲೀಟರ್ ಎಂದು. t = 0 ಎಂದರೆ ಬೆಳಗಿನ 5 ಗಂಟೆ, t = 14 ಎಂದರೆ ಸಂಜೆ 7 ಗಂಟೆ. f ಪ್ಲಸ್ ಇದ್ದರೆ ಟ್ಯಾಂಕ್ ತುಂಬುತ್ತಿದೆ, ಮೈನಸ್ ಇದ್ದರೆ ಖಾಲಿಯಾಗುತ್ತಿದೆ. ಬೆಳಗಿನ 5 ರಿಂದ ಈವರೆಗೆ ನೀರು ಒಟ್ಟು ಎಷ್ಟು ಹೆಚ್ಚಿತು ಅಥವಾ ಕಡಿಮೆಯಾಯಿತು ಎಂಬ ಲೆಕ್ಕವೇ g(x). ಹೀಗೆ ಕೂಡಿಸುತ್ತಾ ಹೋಗುವ ಫಂಕ್ಷನ್‌ಗೆ ಅಕ್ಯುಮ್ಯುಲೇಶನ್ ಫಂಕ್ಷನ್ ಎನ್ನುತ್ತಾರೆ. ಇಂಟಿಗ್ರಲ್ ಚಿಹ್ನೆಯ ಒಳಗೆ ಕೂತಿರುವ f ಗೆ ಇಂಟಿಗ್ರೆಂಡ್ ಎಂದು ಹೆಸರು.

ನಿಜವಾದ ಪಂಪ್ ಇಷ್ಟು ನೀಟಾಗಿ ನೇರ ಗೆರೆಯಲ್ಲಿ ನಡೆಯುವುದಿಲ್ಲ ಬಿಡಿ. ಲೆಕ್ಕ ಸುಲಭವಾಗಲಿ ಅಂತ ಗೆರೆ ನೇರ ಇಟ್ಟಿದ್ದೇನೆ.

1. ಎರಡು ಸಾಲು ಬರೆದುಕೊಳ್ಳಿ

ಏನನ್ನೂ ಹುಡುಕುವ ಮೊದಲು ಹಾಳೆಯ ಮೇಲೆ ಇದನ್ನು ಬರೆಯಿರಿ:

```
g'(x)  = f(x)
g''(x) = f'(x)
```

ಮೊದಲ ಸಾಲು ಕ್ಯಾಲ್ಕ್ಯುಲಸ್‌ನ ಮೂಲ ಪ್ರಮೇಯದ ಮೊದಲ ಭಾಗ. f ಎಲ್ಲೂ ತುಂಡಾಗದೆ ಒಂದೇ ಗೆರೆಯಾಗಿ ಸಾಗುತ್ತಿದ್ದರೆ, ಅಂದರೆ ಕಂಟಿನ್ಯುಯಸ್ ಆಗಿದ್ದರೆ, g ಯ ಡೆರಿವೇಟಿವ್ f ನೇ. ಟ್ಯಾಂಕಿನ ಭಾಷೆಯಲ್ಲಿ ಹೇಳಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ: ನೀರಿನ ಮಟ್ಟ ಬದಲಾಗುವ ವೇಗ ಎಂದರೆ ಒಳಹರಿವು ಕಳೆ ಹೊರಹರಿವು, ಅಲ್ವಾ?

ಎರಡನೇ ಸಾಲು ಮೊದಲನೆಯದರ ಡೆರಿವೇಟಿವ್. f ಗೆರೆಯ ಇಳಿಜಾರು, ಅಂದರೆ ಸ್ಲೋಪ್, g ಯ ಎರಡನೇ ಡೆರಿವೇಟಿವ್.

ಇಲ್ಲಿಂದ ಮುಂದೆ f ಗ್ರಾಫಿನ ಮುಂದೆ ಎರಡೇ ಪ್ರಶ್ನೆ ಕೇಳಿಕೊಳ್ಳಬೇಕು. ಗೆರೆ ಅಕ್ಷದ ಮೇಲಿದೆಯಾ, ಕೆಳಗಿದೆಯಾ? ಇದು g ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುತ್ತದೆ. ಗೆರೆ ಏರುತ್ತಿದೆಯಾ, ಇಳಿಯುತ್ತಿದೆಯಾ? ಇದು g ಯ ಬಾಗು ಯಾವ ಕಡೆಗೆ ಎಂದು ಹೇಳುತ್ತದೆ. ನಾನು ನೋಡಿದ ತಪ್ಪುಗಳಲ್ಲಿ ಜಾಸ್ತಿ ಪಾಲು ಈ ಎರಡನ್ನೂ ಒಂದಕ್ಕೊಂದು ಬೆರೆಸಿದ್ದರಿಂದ ಆದದ್ದು.

2. ಅಕ್ಷ ದಾಟುವ ಜಾಗಗಳನ್ನು ಹಿಡಿಯಿರಿ

f = 0 ಆಗುವುದು ಎಲ್ಲೆಲ್ಲಿ? ಮೊದಲ ಗೆರೆ (0, −2) ಯಿಂದ (3, 4) ಕ್ಕೆ ಹೋಗುತ್ತದೆ. ಮೂರು ಹೆಜ್ಜೆಗೆ ಆರು ಏರಿಕೆ, ಅಂದರೆ ಸ್ಲೋಪ್ 2. −2 ಇಂದ ಸೊನ್ನೆಗೆ ಬರಲು ಒಂದು ಹೆಜ್ಜೆ ಸಾಕು, ಆದ್ದರಿಂದ t = 1. ಮುಂದಿನದು t = 5, ಅದು ಕಣ್ಣಿಗೇ ಕಾಣುತ್ತದೆ. ನಂತರ (7, 4) ರಿಂದ (9, −4) ಕ್ಕೆ ಇಳಿಯುವ ಗೆರೆ ಸರಿಯಾಗಿ ನಡುವೆ, t = 8 ರಲ್ಲಿ ಅಕ್ಷ ದಾಟುತ್ತದೆ. ಆಮೇಲೆ f ಕೆಳಗೇ ಉಳಿಯುತ್ತದೆ.

g' = 0 ಆಗುವ 1, 5, 8 ಇವು g ಯ ಕ್ರಿಟಿಕಲ್ ಪಾಯಿಂಟ್‌ಗಳು. ಅಂದರೆ ಗರಿಷ್ಠವೋ ಕನಿಷ್ಠವೋ ಇರಬಹುದಾದ ಜಾಗಗಳು. ಇದೆ ಎಂದಲ್ಲ, *ಇರಬಹುದು* ಎಂದಷ್ಟೆ.

3. ಚಿಹ್ನೆ ಬದಲಾಯಿತಾ ನೋಡಿ

ಒಂದು ಅಡ್ಡಗೆರೆ ಎಳೆದು 0, 1, 5, 8, 14 ಗುರುತಿಸಿ. ಪ್ರತಿ ತುಂಡಿನ ಮೇಲೆ f ನ ಚಿಹ್ನೆ ಬರೆಯಿರಿ. 0 ಯಿಂದ 1 ಮೈನಸ್. 1 ರಿಂದ 5 ಪ್ಲಸ್. 5 ರಿಂದ 8 ಪ್ಲಸ್. 8 ರಿಂದ 14 ಮೈನಸ್.

x = 1 ರಲ್ಲಿ f ಮೈನಸ್‌ನಿಂದ ಪ್ಲಸ್‌ಗೆ ಹೋಯಿತು. g ಇಳಿಯುತ್ತಿದ್ದದ್ದು ಏರಲು ಶುರುವಾಯಿತು. ಇದು ಸ್ಥಳೀಯ ಕನಿಷ್ಠ, ಅಂದರೆ ಸುತ್ತಮುತ್ತಲಿನ ಬೆಲೆಗಳಿಗಿಂತ ಕಡಿಮೆ ಇರುವ ಜಾಗ. x = 8 ರಲ್ಲಿ f ಪ್ಲಸ್‌ನಿಂದ ಮೈನಸ್‌ಗೆ ಹೋಯಿತು. 7.9 ರಲ್ಲಿ f = 0.4, 8.1 ರಲ್ಲಿ f = −0.4. ಏರುತ್ತಿದ್ದ g ಇಳಿಯತೊಡಗಿತು. ಇದು ಸ್ಥಳೀಯ ಗರಿಷ್ಠ.

ಈಗ x = 5 ಕ್ಕೆ ಬನ್ನಿ. ಪ್ರಶ್ನೆ ತೆಗೆಯುವವರು ಬೇಕೆಂದೇ ಇಡುವ ಜಾಗ ಇದು. 4.9 ರಲ್ಲಿ f = 0.2. 5 ರಲ್ಲಿ ಸೊನ್ನೆ. 5.1 ರಲ್ಲಿ ಮತ್ತೆ 0.2. ಗೆರೆ ಅಕ್ಷವನ್ನು ಮುಟ್ಟಿ ವಾಪಸ್ ಮೇಲಕ್ಕೆ ಹೋಯಿತು, ದಾಟಲಿಲ್ಲ. ಟ್ಯಾಂಕ್ ತುಂಬುತ್ತಿತ್ತು, ಬೆಳಗಿನ ಹತ್ತು ಗಂಟೆಗೆ ಒಂದು ಕ್ಷಣ ಬಂದ ನೀರೂ ಹೋದ ನೀರೂ ಸರಿಸಮವಾಯಿತು, ಮತ್ತೆ ತುಂಬತೊಡಗಿತು. ಇಲ್ಲಿ g ಗೆ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. g ಯ ಗೆರೆ ಇಲ್ಲಿ ಒಂದು ಕ್ಷಣ ಅಡ್ಡ ಮಲಗಿ ಮತ್ತೆ ಏರುತ್ತದೆ.

"f = 0, ಆದ್ದರಿಂದ ಗರಿಷ್ಠ" ಎಂದು ಬರೆದರೆ ಉತ್ತರ ಸರಿ ಬಂದರೂ ಕಾರಣ ಅರ್ಧಕ್ಕೇ ನಿಂತ ಹಾಗೆ. x = 8 ಕ್ಕೆ ಪೂರ್ತಿ ಕಾರಣ ಹೀಗಿರಬೇಕು: "`g'(x) = f(x)`, ಮತ್ತು x = 8 ರಲ್ಲಿ f ಪ್ಲಸ್‌ನಿಂದ ಮೈನಸ್‌ಗೆ ಬದಲಾಗುತ್ತದೆ, ಆದ್ದರಿಂದ g ಗೆ ಅಲ್ಲಿ ಸ್ಥಳೀಯ ಗರಿಷ್ಠ." ಅಮೆರಿಕದ ಕಾಲೇಜ್ ಬೋರ್ಡ್ ನಡೆಸುವ ಎಪಿ ಕ್ಯಾಲ್ಕ್ಯುಲಸ್ ಪರೀಕ್ಷೆ ಬರೆಯುವ ಮಕ್ಕಳು ಈ ವಾಕ್ಯದಲ್ಲಿ `g' = f` ಎಂಬ ಕೊಂಡಿ ಬಿಡಲೇಬಾರದು. "ಗ್ರಾಫ್ ಮೇಲಿಂದ ಕೆಳಗೆ ಬಂತು" ಎಂದು ಬರೆದರೆ ಯಾವ ಗ್ರಾಫ್ ಅಂತ ಗೊತ್ತಾಗುವುದಿಲ್ಲ.

4. f ನ ಶಿಖರ g ಯ ಶಿಖರವಲ್ಲ

ಇದಕ್ಕೆ ಬೇರೆಯೇ ಹೆಜ್ಜೆ ಇಟ್ಟಿದ್ದೇನೆ, ಯಾಕೆಂದರೆ ಹುಷಾರಾದ ಮಕ್ಕಳೂ ಇಲ್ಲಿ ಬೀಳುತ್ತಾರೆ. ಕಣ್ಣ ಮುಂದೆ ಇರುವುದು f ನ ಚಿತ್ರ. 3 ರಲ್ಲಿ ಒಂದು ತುದಿ, 7 ರಲ್ಲಿ ಇನ್ನೊಂದು ತುದಿ. "ಗರಿಷ್ಠ ಎಲ್ಲಿ?" ಎಂದಾಗ ಕೈ ಸೀದಾ ಆ ತುದಿಗೇ ಹೋಗುತ್ತದೆ.

7 ರಲ್ಲಿ f = 4. ಅಂದರೆ ಮಧ್ಯಾಹ್ನ 12 ಕ್ಕೆ ಟ್ಯಾಂಕ್ ಗಂಟೆಗೆ ನಾಲ್ಕು ಸಾವಿರ ಲೀಟರ್ ವೇಗದಲ್ಲಿ ತುಂಬುತ್ತಿದೆ. ಅಷ್ಟು ಜೋರಾಗಿ ತುಂಬುತ್ತಿರುವಾಗ ನೀರು ಅತಿ ಹೆಚ್ಚಿನ ಮಟ್ಟ ಮುಟ್ಟಿಬಿಟ್ಟಿತು ಎನ್ನಲು ಹೇಗೆ ಸಾಧ್ಯ? ಮುಂದಿನ ನಿಮಿಷವೇ ಇನ್ನೂ ಮೇಲೆ ಹೋಗುತ್ತದೆ. ಆ ಜಾಗದಲ್ಲಿ ಅತಿ ಜಾಸ್ತಿ ಇರುವುದು ತುಂಬುವ ವೇಗ, ಅಂದರೆ g ಯ ಏರು ಅಲ್ಲಿ ಅತಿ ಕಡಿದು. ಮಟ್ಟ ಗರಿಷ್ಠಕ್ಕೆ ಬರುವುದು ತುಂಬುವುದು ನಿಂತು ಖಾಲಿಯಾಗಲು ಶುರುವಾದಾಗ, ಅಂದರೆ x = 8, ಮಧ್ಯಾಹ್ನ 1 ಗಂಟೆ.

ಹಾಗಾದರೆ f ನ ಶಿಖರಗಳಿಂದ ಏನೂ ಉಪಯೋಗವಿಲ್ಲವೇ? ಇದೆ. ಅವು ಮುಂದಿನ ಹೆಜ್ಜೆಯ ಸಾಮಾನು.

5. ಬಾಗು ಓದುವುದು

ಕಾನ್ಕೇವ್ ಅಪ್ ಎಂದರೆ ಎಡದಿಂದ ಬಲಕ್ಕೆ ಹೋಗುವಾಗ g ಯ ಸ್ಲೋಪ್ ಹೆಚ್ಚುತ್ತಾ ಹೋಗುವುದು. ಕಾನ್ಕೇವ್ ಡೌನ್ ಎಂದರೆ ಸ್ಲೋಪ್ ಕಡಿಮೆಯಾಗುತ್ತಾ ಹೋಗುವುದು. g ಯ ಸ್ಲೋಪ್ f ತಾನೇ? ಆದ್ದರಿಂದ f ಏರುವಲ್ಲೆಲ್ಲ g ಕಾನ್ಕೇವ್ ಅಪ್, f ಇಳಿಯುವಲ್ಲೆಲ್ಲ g ಕಾನ್ಕೇವ್ ಡೌನ್. f ಮೇಲಿದೆಯೋ ಕೆಳಗಿದೆಯೋ ಇಲ್ಲಿ ನೋಡಲೇಬಾರದು.

ನಮ್ಮ ಗ್ರಾಫಿನಲ್ಲಿ f ಏರುವುದು 0 ಯಿಂದ 3, 5 ರಿಂದ 7, 12 ರಿಂದ 14. ಈ ಮೂರರಲ್ಲೂ g ಕಾನ್ಕೇವ್ ಅಪ್. f ಇಳಿಯುವುದು 3 ರಿಂದ 5, 7 ರಿಂದ 9. ಇಲ್ಲಿ g ಕಾನ್ಕೇವ್ ಡೌನ್. 9 ರಿಂದ 12 ರವರೆಗೆ f ಅಡ್ಡಡ್ಡ ಮಲಗಿದೆ. ಅಲ್ಲಿ g ಒಂದೇ ಸಮನಾಗಿ ಗಂಟೆಗೆ ನಾಲ್ಕರಂತೆ ಇಳಿಯುವ ನೇರ ಗೆರೆ. ಬಾಗೇ ಇಲ್ಲ. "f ಮೈನಸ್ ಇದೆ, ಆದ್ದರಿಂದ ಕಾನ್ಕೇವ್ ಡೌನ್" ಎಂದು ಈ ತುಂಡಿಗೆ ಬರೆಯಬೇಡಿ.

ಎರಡು ತುಂಡುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. 3 ರಿಂದ 5 ರ ನಡುವೆ f ಮೇಲಿದೆ, ಆದರೆ ಇಳಿಯುತ್ತಿದೆ. g ಏರುತ್ತಿದೆ, ಏರುವ ವೇಗ ಕುಗ್ಗುತ್ತಿದೆ. f ಇಳಿಯುವುದನ್ನು ನೋಡಿ g ಇಳಿಯುತ್ತದೆ ಅಂದುಕೊಂಡರೆ ಕೆಟ್ಟಿತು. 12 ರಿಂದ 14 ರ ನಡುವೆ ಇದರ ತಿರುವು: f ಕೆಳಗಿದೆ, ಆದರೆ ಏರುತ್ತಿದೆ. g ಇಳಿಯುತ್ತಲೇ ಇದೆ, ಇಳಿಯುವ ರಭಸ ಮಾತ್ರ ತಗ್ಗುತ್ತಿದೆ. ಇಳಿಯುತ್ತಿರುವ g ಕಾನ್ಕೇವ್ ಅಪ್ ಆಗಿರಬಹುದು ಎಂದು ಒಪ್ಪಿಕೊಳ್ಳಲು ಕೆಲವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಪರವಾಗಿಲ್ಲ, ಏಳನೇ ಹೆಜ್ಜೆಯ ಅಂಕಿಗಳಲ್ಲಿ ಅದು ಕಾಣಿಸುತ್ತದೆ.

ಬಾಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವ ಬಿಂದುವಿಗೆ ಇನ್‌ಫ್ಲೆಕ್ಷನ್ ಪಾಯಿಂಟ್ ಎನ್ನುತ್ತಾರೆ. f ಏರಿಕೆಯಿಂದ ಇಳಿಕೆಗೆ, ಅಥವಾ ಇಳಿಕೆಯಿಂದ ಏರಿಕೆಗೆ ತಿರುಗುವ ಜಾಗ ಅದು. ಅಂದರೆ 3, 5, 7. ನಾಲ್ಕನೇ ಹೆಜ್ಜೆಯಲ್ಲಿ ಬದಿಗಿಟ್ಟ ಶಿಖರಗಳು ಇಲ್ಲಿ ಕೆಲಸಕ್ಕೆ ಬಂದವು. ಗರಿಷ್ಠ-ಕನಿಷ್ಠದ ಪಟ್ಟಿಯಿಂದ ಹೊರಬಿದ್ದ 5 ಕೂಡ ಇಲ್ಲಿಗೆ ಬಂದು ಸೇರಿತು.

ಇಲ್ಲಿ ಎರಡು ಕಡೆ ಎಡವುವ ಸಂಭವ ಇದೆ. ಒಂದು, 3, 5, 7 ಇವು ಮೂಲೆಗಳು, ಅಲ್ಲಿ f ಗೆ ಸ್ಲೋಪ್ ಇಲ್ಲ, ಆದ್ದರಿಂದ `g''` ಕೂಡ ಇಲ್ಲ. "`g'' = 0` ಮಾಡಿ ಬಿಡಿಸಿದೆ, ಏನೂ ಸಿಗಲಿಲ್ಲ" ಎನ್ನುವವರು ಈ ಕಾರಣಕ್ಕೇ ಬರಿಗೈಯಲ್ಲಿ ವಾಪಸ್ ಬರುತ್ತಾರೆ. `g''` ಸೊನ್ನೆಯಾಗಲೇಬೇಕೆಂದಿಲ್ಲ, ಅದರ ಚಿಹ್ನೆ ಎರಡೂ ಬದಿಯಲ್ಲಿ ಬೇರೆ ಇದ್ದರಾಯಿತು. ಎರಡು, 9 ಮತ್ತು 12 ಕೂಡ ಮೂಲೆಗಳೇ, ಆದರೆ ಅವು ಪಟ್ಟಿಗೆ ಸೇರುವುದಿಲ್ಲ. 9 ರಲ್ಲಿ ಕಾನ್ಕೇವ್ ಡೌನ್ ಹೋಗಿ ನೇರ ಗೆರೆ ಬಂತು, 12 ರಲ್ಲಿ ನೇರ ಗೆರೆ ಹೋಗಿ ಕಾನ್ಕೇವ್ ಅಪ್ ಬಂತು. ಒಂದೇ ಬಿಂದುವಿನಲ್ಲಿ ಡೌನ್‌ನಿಂದ ಅಪ್‌ಗೆ ಹೊರಳಿದ್ದು ಎರಡು ಕಡೆಯೂ ಇಲ್ಲ.

6. ಬೆಲೆ ಬೇಕಾದರೆ ಮಾತ್ರ ವಿಸ್ತೀರ್ಣ

ಈವರೆಗೆ ಒಂದು ವಿಸ್ತೀರ್ಣವನ್ನೂ ಲೆಕ್ಕ ಹಾಕಲಿಲ್ಲ, ಗಮನಿಸಿದಿರಾ? *ಎಲ್ಲಿ* ಎಂಬ ಪ್ರಶ್ನೆಗೆ ಅದು ಬೇಕಿಲ್ಲ. *ಎಷ್ಟು* ಎಂದಾಗ, ಅಥವಾ ಇಡೀ 0 ಯಿಂದ 14 ರಲ್ಲಿ ಅತಿ ದೊಡ್ಡದು, ಅತಿ ಚಿಕ್ಕದು ಯಾವುದು ಎಂದು ಕೇಳಿದಾಗ ಮಾತ್ರ ಬೇಕು.

ಅಕ್ಷದ ಮೇಲಿನ ವಿಸ್ತೀರ್ಣ ಪ್ಲಸ್, ಕೆಳಗಿನದು ಮೈನಸ್. ಎಡದಿಂದ ಕೂಡಿಸುತ್ತಾ ಬನ್ನಿ. 0 ಯಿಂದ 1 ರಲ್ಲಿ ತ್ರಿಕೋನ, ಪಾದ 1, ಎತ್ತರ 2: −1. ಆದ್ದರಿಂದ g(1) = −1. 1 ರಿಂದ 5 ರಲ್ಲಿ ದೊಡ್ಡ ತ್ರಿಕೋನ, ಪಾದ 4, ಎತ್ತರ 4: +8. g(5) = 7. 5 ರಿಂದ 8 ರಲ್ಲಿ ಪಾದ 3, ಎತ್ತರ 4: +6. g(8) = 13. 8 ರಿಂದ 9 ರಲ್ಲಿ −2, 9 ರಿಂದ 12 ರಲ್ಲಿ ಆಯತ −12, 12 ರಿಂದ 14 ರಲ್ಲಿ ಟ್ರೆಪೀಜಿಯಂ: ಎರಡು ಎತ್ತರಗಳು 4 ಮತ್ತು 2, ಅಗಲ 2, ಆದ್ದರಿಂದ −6. ಕೊನೆಗೆ g(14) = 13 − 2 − 12 − 6 = −7.

ಇಡೀ ಅಂತರದ ಗರಿಷ್ಠ-ಕನಿಷ್ಠ ಕೇಳಿದರೆ ಕ್ರಿಟಿಕಲ್ ಪಾಯಿಂಟ್‌ಗಳ ಜೊತೆ ಎರಡು ತುದಿಗಳನ್ನೂ ಪಟ್ಟಿಗೆ ಹಾಕಬೇಕು:

```
x      0    1    5    8    14
g(x)   0   -1    7   13    -7
```

ಅತಿ ದೊಡ್ಡದು 13, x = 8 ರಲ್ಲಿ. ಅತಿ ಚಿಕ್ಕದು −7, x = 14 ರಲ್ಲಿ. ಸ್ಥಳೀಯ ಕನಿಷ್ಠ ಸಿಕ್ಕಿದ್ದು x = 1 ರಲ್ಲಿ, ಆದರೆ ಇಡೀ ದಿನದ ಕನಿಷ್ಠ ಅದಲ್ಲ. 14 ರಲ್ಲಿ f ಸೊನ್ನೆಯೂ ಅಲ್ಲ, −2. ದಾರಿ ಅಲ್ಲಿಗೆ ಮುಗಿಯಿತು ಎಂಬುದೇ ಅಲ್ಲಿ ಕನಿಷ್ಠ ಬರಲು ಕಾರಣ. f = 0 ಬಿಂದುಗಳನ್ನಷ್ಟೇ ನೋಡಿ ಪೆನ್ ಕೆಳಗಿಟ್ಟವರಿಗೆ ಇದು ಸಿಗುವುದಿಲ್ಲ. ತುದಿಗಳನ್ನು *ಸ್ಥಳೀಯ* ಗರಿಷ್ಠ, ಕನಿಷ್ಠ ಎಂದು ಕರೆಯಬಹುದೇ ಎಂಬುದರಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ವ್ಯತ್ಯಾಸ ಇದೆ. ನಿಮ್ಮ ಪಠ್ಯದಲ್ಲಿ ಹೇಗಿದೆಯೋ ಹಾಗೆ ಹೋಗಿ.

ಇನ್ನೊಂದು ಮಾತು. g(14) = −7 ಎಂದರೆ ಟ್ಯಾಂಕಿನಲ್ಲಿ ಮೈನಸ್ ಏಳು ಸಾವಿರ ಲೀಟರ್ ಎಂದಲ್ಲ. ಬೆಳಗಿನ 5 ಕ್ಕೆ ಇದ್ದದ್ದಕ್ಕಿಂತ ಏಳು ಸಾವಿರ ಕಡಿಮೆ ಎಂದು. ಬೆಳಿಗ್ಗೆ 10 ಸಾವಿರ ಲೀಟರ್ ಇತ್ತು ಎಂದಿಟ್ಟುಕೊಂಡರೆ ಮಧ್ಯಾಹ್ನ 1 ಕ್ಕೆ 23 ಸಾವಿರ, ಸಂಜೆ 7 ಕ್ಕೆ 3 ಸಾವಿರ. ಪ್ರಶ್ನೆಯಲ್ಲಿ ಆರಂಭದ ಬೆಲೆ ಬೇರೆ ಕೊಟ್ಟಿದ್ದರೆ ಅದನ್ನು ಕೊನೆಗೆ ಕೂಡಿಸಲು ಮರೆಯಬೇಡಿ.

7. ಸರಿ ಬಂತಾ? ತಾಳೆ ನೋಡುವುದು

ಸಮಯ ಇದ್ದರೆ ಪ್ರತಿ ಪೂರ್ಣಸಂಖ್ಯೆಗೆ g ಬರೆದು, ಅಕ್ಕಪಕ್ಕದ ವ್ಯತ್ಯಾಸ ನೋಡಿ. 0 ಯಿಂದ 14 ರವರೆಗೆ g ಹೀಗೆ ಬರುತ್ತದೆ:

```
g:       0  -1  0  3  6  7  8  11  13  11  7  3  -1  -4.5  -7
ವ್ಯತ್ಯಾಸ:  -1  1  3  3  1  1  3  2  -2  -4  -4  -4  -3.5  -2.5
```

ವ್ಯತ್ಯಾಸದ ಸಾಲೇ ಕಥೆ ಹೇಳುತ್ತದೆ. ಮೊದಲು −1, 1, 3 ಎಂದು ಹೆಚ್ಚುತ್ತದೆ: ಕಾನ್ಕೇವ್ ಅಪ್. 3 ರ ನಂತರ 3 ಇದ್ದದ್ದು 1 ಆಗುತ್ತದೆ: ಡೌನ್. 5 ರ ನಂತರ 1, 3: ಮತ್ತೆ ಅಪ್. 7 ರ ನಂತರ 2, −2: ಡೌನ್. ಮೂರು ಸಲ −4: ನೇರ ಗೆರೆ. ಕೊನೆಯಲ್ಲಿ −3.5, −2.5. ವ್ಯತ್ಯಾಸ ಇನ್ನೂ ಮೈನಸ್, ಆದ್ದರಿಂದ g ಇಳಿಯುತ್ತಿದೆ. ಆದರೆ −3.5 ಇಂದ −2.5 ಕ್ಕೆ ಹೋಗುವುದು ಹೆಚ್ಚಳವೇ. ಇಳಿಯುತ್ತಲೇ ಕಾನ್ಕೇವ್ ಅಪ್ ಎಂದರೆ ಇದೇ.

ಇದೇ ಪಟ್ಟಿಯಲ್ಲಿ x = 2 ನೋಡಿ. g(2) = 0, ಆದರೆ f(2) = 2. f ಸೊನ್ನೆಯಾಗುವುದಕ್ಕೂ g ಸೊನ್ನೆಯಾಗುವುದಕ್ಕೂ ಸಂಬಂಧವಿಲ್ಲ. g ಸೊನ್ನೆ ಎಂದರೆ ಈವರೆಗಿನ ಪ್ಲಸ್, ಮೈನಸ್ ವಿಸ್ತೀರ್ಣಗಳು ಒಂದಕ್ಕೊಂದು ವಜಾ ಆದವು, ಅಷ್ಟೇ.

ಪ್ರಶ್ನೆಯನ್ನು ತಿರುಚಿದಾಗ

*ಕೆಳಗಿನ ಮಿತಿ 0 ಅಲ್ಲದಿದ್ದರೆ.* `∫₃ˣ f(t) dt` ಎಂದು ಕೊಟ್ಟರೆ ಗಾಬರಿ ಬೇಡ. g ಯ ಪ್ರತಿ ಬೆಲೆಯಿಂದ g(3), ಅಂದರೆ 3 ಕಳೆದರಾಯಿತು. x = 8 ರಲ್ಲಿ 13 ಇದ್ದದ್ದು 10 ಆಗುತ್ತದೆ, x = 0 ಯಲ್ಲಿ −3. ಗರಿಷ್ಠ, ಕನಿಷ್ಠ, ಇನ್‌ಫ್ಲೆಕ್ಷನ್ ಇರುವ *ಜಾಗಗಳು* ಒಂದಿಷ್ಟೂ ಕದಲುವುದಿಲ್ಲ. 3 ರ ಎಡಕ್ಕೆ ವಿಸ್ತೀರ್ಣದ ಚಿಹ್ನೆ ತಿರುಗುತ್ತದೆ ಎಂದು ಕಲಿತ ಕೆಲವರು ಏರಿಳಿತವನ್ನೂ ತಿರುಗಿಸಿಬಿಡುತ್ತಾರೆ. ಬೇಡ. ಡೆರಿವೇಟಿವ್ ಎಲ್ಲ ಕಡೆ f ನೇ.

*ಮಿತಿಗಳು ಅದಲುಬದಲಾದರೆ.* `∫ₓ¹⁴ f(t) dt` ನ ಡೆರಿವೇಟಿವ್ −f(x). ಗರಿಷ್ಠ ಕನಿಷ್ಠವಾಗುತ್ತದೆ, ಅಪ್ ಡೌನ್ ಆಗುತ್ತದೆ. ಟ್ಯಾಂಕಿನ ಮಾತಿನಲ್ಲಿ ಇದು ಮುಂದೆ ಆಗಲಿರುವ ಬದಲಾವಣೆ.

*f ಒಂದು ಕಡೆ ಹಾರಿದರೆ.* 4 ರಲ್ಲಿ f ಸಟಕ್ಕನೆ 3 ರಿಂದ −1 ಕ್ಕೆ ಹಾರಿತು ಅಂದುಕೊಳ್ಳಿ. ಅಲ್ಲಿ f ಸೊನ್ನೆ ಆಗಲೇ ಇಲ್ಲ. ಆದರೂ g ಅಲ್ಲಿಯವರೆಗೆ ಏರಿ, ಅಲ್ಲಿಂದ ಇಳಿಯುತ್ತದೆ. ಗರಿಷ್ಠ ಖಂಡಿತ ಇದೆ. g ತುಂಡಾಗುವುದಿಲ್ಲ, ಅದಕ್ಕೊಂದು ಮೊನಚು ಮೂಲೆ ಬರುತ್ತದೆ, `g'` ಅಲ್ಲಿ ಇರುವುದಿಲ್ಲ. ಬರೀ ಒಂದು ಬಿಂದು ಗೆರೆ ಬಿಟ್ಟು ಬೇರೆ ಕಡೆ ಕೂತಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಒಂದು ಬಿಂದುವಿಗೆ ಅಗಲವಿಲ್ಲ, ವಿಸ್ತೀರ್ಣ ಬದಲಾಗುವುದಿಲ್ಲ.

*g ಗೆ ಏನಾದರೂ ಕೂಡಿಸಿದರೆ ಅಥವಾ ಕಳೆದರೆ.* ನನಗೆ ಇಷ್ಟವಾದ ತಿರುಚು ಇದು. `h(x) = g(x) − 2x` ಎಂದು ಕೊಡುತ್ತಾರೆ. ಟ್ಯಾಂಕಿಗೆ ಗಂಟೆಗೆ ಎರಡು ಸಾವಿರ ಲೀಟರಿನ ಒಂದು ಸೋರಿಕೆ ಬಂದ ಹಾಗೆ. `h'(x) = f(x) − 2`. ಹೊಸ ಗ್ರಾಫ್ ಬೇಡ. ಹಳೆಯ ಗ್ರಾಫಿನಲ್ಲೇ ಎತ್ತರ 2 ರಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ಅದನ್ನೇ ಹೊಸ ಅಕ್ಷ ಅಂದುಕೊಳ್ಳಿ.

f ಆ ಗೆರೆಯನ್ನು 2, 4, 6, 7.5 ಈ ನಾಲ್ಕು ಕಡೆ ದಾಟುತ್ತದೆ. 2 ರಲ್ಲಿ ಕೆಳಗಿಂದ ಮೇಲಕ್ಕೆ: ಕನಿಷ್ಠ. 4 ರಲ್ಲಿ ಮೇಲಿಂದ ಕೆಳಕ್ಕೆ: ಗರಿಷ್ಠ. 6 ರಲ್ಲಿ ಕನಿಷ್ಠ, 7.5 ರಲ್ಲಿ ಗರಿಷ್ಠ. ಮೊದಲು ಏನೂ ಇಲ್ಲದಿದ್ದ 3 ರಿಂದ 7 ರ ನಡುವೆ ಈಗ ಒಂದು ಗರಿಷ್ಠ, ಒಂದು ಕನಿಷ್ಠ ಎದ್ದು ನಿಂತವು. ಬಾಗು ಮಾತ್ರ ಹಾಗೇ ಇದೆ. ಕಳೆದದ್ದು ನೇರ ಗೆರೆ, ಅದಕ್ಕೆ ಬಾಗಿಲ್ಲ. ಇನ್‌ಫ್ಲೆಕ್ಷನ್ ಈಗಲೂ 3, 5, 7.

ಇಡೀ ಅಂತರದ ಗರಿಷ್ಠ ಎಲ್ಲಿ? h(4) = 6 − 8 = −2. g(7.5) = 11 + 1.5 = 12.5, ಆದ್ದರಿಂದ h(7.5) = 12.5 − 15 = −2.5. f ನ ಎರಡು ಶಿಖರಗಳೂ ಒಂದೇ ಎತ್ತರ ಇದ್ದರೂ h ನ ಎರಡು ಗರಿಷ್ಠಗಳು ಒಂದೇ ಅಲ್ಲ. ಎರಡರಲ್ಲಿ ದೊಡ್ಡದು −2 ಎಂದು ಬರೆದು ಮುಂದೆ ಹೋಗಬೇಡಿ. ಎಡ ತುದಿಯಲ್ಲಿ h(0) = 0, ಎಲ್ಲಕ್ಕಿಂತ ದೊಡ್ಡದು ಅದೇ. ಕನಿಷ್ಠ ಬಲ ತುದಿಯಲ್ಲಿ, h(14) = −7 − 28 = −35.

*ಮೇಲಿನ ಮಿತಿ x² ಆದರೆ.* `k(x) = g(x²)` ಆಗುತ್ತದೆ, ಚೈನ್ ರೂಲ್ ಪ್ರಕಾರ `k'(x) = 2x · f(x²)`. ಈಗ ಚಿಹ್ನೆ ನೋಡಬೇಕಾದದ್ದು 2x ಮತ್ತು f(x²) ಎರಡರದ್ದೂ. x² = 1, 5, 8 ಆಗುವ ಜಾಗಗಳ ಜೊತೆ x = 0 ಕೂಡ ಪಟ್ಟಿಗೆ ಬರುತ್ತದೆ. ಅಲ್ಲಿ f(0) = −2. 2x ಚಿಹ್ನೆ ಮೈನಸ್‌ನಿಂದ ಪ್ಲಸ್‌ಗೆ ಹೋಗುವುದರಿಂದ `k'` ಪ್ಲಸ್‌ನಿಂದ ಮೈನಸ್‌ಗೆ ಹೋಗುತ್ತದೆ, ಅಂದರೆ x = 0 ಯಲ್ಲಿ ಒಂದು ಸ್ಥಳೀಯ ಗರಿಷ್ಠ. f ನ ಗ್ರಾಫನ್ನೇ ದಿಟ್ಟಿಸುತ್ತಾ ಕೂತರೆ ಈ ಬಿಂದು ಕಾಣುವುದಿಲ್ಲ, ಡೆರಿವೇಟಿವ್ ಬರೆದಾಗಲೇ ಸಿಗುವುದು. ಇಂಥ ಪ್ರಶ್ನೆಯಲ್ಲಿ ಬಾಗನ್ನೂ f ನ ಏರಿಳಿತದಿಂದ ನೇರವಾಗಿ ಓದಲು ಬರುವುದಿಲ್ಲ. `k''(x) = 2f(x²) + 4x² f'(x²)` ಎಂದು ಪೂರ್ತಿ ಬಿಡಿಸಿಯೇ ನೋಡಬೇಕು.